ಹನ್ನೊಂದು ಸಾಲಿನಲ್ಲಿ ಒಂದು ಪುಸ್ತಕ

ಇನ್‌ಸ್ಟಾಗ್ರಾಂ ನೋಡುವವರಾದರೆ ಈ ರೀಲ್ ನಿಮಗೂ ಬಂದಿರುತ್ತೆ. ಕಾಫಿ ಲೋಟದ ಪಕ್ಕ ಲ್ಯಾಪ್‌ಟಾಪ್, ಪರದೆಯ ಮೇಲೆ ಏರುತ್ತಾ ಹೋಗುವ ಡಾಲರ್ ಗ್ರಾಫು, ಹಿಂದಿನಿಂದ ಒಂದು ದನಿ: "ಒಂದಕ್ಷರ ಬರೆಯದೆ ಪುಸ್ತಕ ಮಾರಿ, ಮಲಗಿದ್ದಾಗಲೂ ದುಡ್ಡು ಬರುತ್ತೆ." ಶಿವಮೊಗ್ಗದಲ್ಲಿರುವ ನನ್ನ ಅಕ್ಕನಿಗೂ ಬಂತು. ಅವಳು ಡ್ರಾಯಿಂಗ್ ಟೀಚರ್ ಆಗಿದ್ದವಳು, ಮಗು ಹುಟ್ಟಿದ ಮೇಲೆ ಕೆಲಸ ಬಿಟ್ಟು ಮೂರು ವರ್ಷ. ರೀಲ್‌ನಿಂದ ಒಂದು ಉಚಿತ ವೆಬಿನಾರ್‌ಗೆ ಹೋದಳು, ಅಲ್ಲಿಂದ 28,000 ರೂಪಾಯಿಯ ಕೋರ್ಸಿನ ಬಾಗಿಲಿಗೆ ಬಂದು ನಿಂತಳು. ಕಟ್ಟುವ ಮೊದಲು ನನಗೆ ಫೋನ್. "ನೀನು ಕಂಪ್ಯೂಟರ್‌ನವನಲ್ವೇನೋ, ಇದು ನಿಜಾನಾ ಸುಳ್ಳಾ ನೋಡಿ ಹೇಳು. ಚೀಟಿ ದುಡ್ಡು ಇದೆ, ಭಾವಂಗೆ ಇನ್ನೂ ಹೇಳಿಲ್ಲ."

ಚೀಟಿ ದುಡ್ಡು ಅಂದಮೇಲೆ ಬಾಯಿಗೆ ಬಂದಂಗೆ ಉತ್ತರ ಕೊಡೋಕಾಗಲ್ಲ. ಎರಡು ವಾರಾಂತ್ಯ ಕೂತು ಇದರ ಒಳಹೊರಗು ನೋಡಿದೆ.

ಈ ಬಗೆಯ ಪುಸ್ತಕಗಳಿಗೆ 'ಲೋ ಕಂಟೆಂಟ್ ಬುಕ್' ಅಂತ ಹೆಸರು. ಓದೋಕೆ ಒಳಗೆ ಹೆಚ್ಚೇನೂ ಇರಲ್ಲ, ಕೊಂಡವರೇ ತುಂಬಿಕೊಳ್ಳಬೇಕು. ಗೆರೆ ಹಾಕಿದ ಜರ್ನಲ್, ಪ್ಲಾನರ್, ಬಿ.ಪಿ. ಬರೆದಿಡುವ ಪುಸ್ತಕ, ಕೋಳಿ ಸಾಕುವವರು ದಿನದ ಮೊಟ್ಟೆ ಲೆಕ್ಕ ಬರೆಯುವ ಪುಸ್ತಕ (ತಮಾಷೆ ಅಲ್ಲ, ಅಮೆರಿಕದಲ್ಲಿ ಹಿತ್ತಲ ಕೋಳಿಯವರು ಬಹಳ ಜನ). ಬಣ್ಣ ತುಂಬುವ ಪುಸ್ತಕಗಳನ್ನೂ ಈ ವ್ಯಾಪಾರದವರು ಇದೇ ಗುಂಪಿಗೆ ಸೇರಿಸ್ತಾರೆ. ಮಾರಾಟ ಹೆಚ್ಚಾಗಿ ಅಮೆಜಾನಿನ ಕೆಡಿಪಿ, ಅಂದರೆ ಕಿಂಡಲ್ ಡೈರೆಕ್ಟ್ ಪಬ್ಲಿಷಿಂಗ್ ಮೂಲಕ. ನಾವು ಎರಡು ಪಿಡಿಎಫ್ ಕೊಡಬೇಕು, ಒಂದು ಒಳಪುಟಗಳದ್ದು, ಇನ್ನೊಂದು ಹೊದಿಕೆಯದ್ದು. ಯಾರಾದರೂ ಆರ್ಡರ್ ಮಾಡಿದ ಮೇಲೆ ಅವರಿಗಾಗಿ ಒಂದೇ ಒಂದು ಪ್ರತಿ ಅಚ್ಚಾಗಿ ಹೊರಡುತ್ತೆ. ಮೊದಲೇ ಸಾವಿರ ಪ್ರತಿ ಹಾಕಿಸೋದು, ಅಟ್ಟದ ಮೇಲೆ ಪೇರಿಸೋದು ಯಾವುದೂ ಇಲ್ಲ. ನಾವು ಕಟ್ಟಬೇಕಾದ ದುಡ್ಡೂ ಇಲ್ಲ. ಇದು ಅಷ್ಟೂ ನಿಜ.

ಒಂದು ಮಾತು ಮಾತ್ರ ವೆಬಿನಾರಿನಲ್ಲಿ ಹೇಳಿರಲಿಲ್ಲ. ಕೆಡಿಪಿ ಪೇಪರ್‌ಬ್ಯಾಕ್ ಮಾರುವ ದೇಶಗಳ ಪಟ್ಟಿಯಲ್ಲಿ ಅಮೆರಿಕ, ಬ್ರಿಟನ್, ಜರ್ಮನಿ, ಜಪಾನ್ ಎಲ್ಲ ಇವೆ, ಭಾರತ ಇಲ್ಲ. ಹಾಗಾಗಿ ನಾವು ಶಿವಮೊಗ್ಗದಲ್ಲಿ ಕೂತು ಮಾಡಿದರೂ ಗಿರಾಕಿ ಟೆಕ್ಸಾಸ್‌ನಲ್ಲಿರ್ತಾನೆ.

ಗೆರೆ ಪುಸ್ತಕ ಮಾಡೋದು ಎಷ್ಟು ಕಷ್ಟ ಅಂತ ಅಕ್ಕನಿಗೆ ತೋರಿಸೋಕೆ ವಿಡಿಯೋ ಕಾಲ್‌ನಲ್ಲೇ ಪೈಥಾನ್ ತೆರೆದೆ.

```python
from reportlab.pdfgen import canvas

W, H = 6*72, 9*72
c = canvas.Canvas("notebook.pdf", pagesize=(W, H))
for page in range(120):
    c.setLineWidth(0.75)
    y = H - 54
    while y > 54:
        c.line(36, y, W - 36, y)
        y -= 20
    c.showPage()
c.save()
```

ಖಾಲಿ ಸಾಲು ಬಿಟ್ಟರೆ ಹನ್ನೊಂದು ಸಾಲು. ಕೋಡ್ ಬರದವರೂ ಅರ್ಥ ಮಾಡ್ಕೋಬಹುದು: ಆರಿಂಚು ಅಗಲ, ಒಂಬತ್ತಿಂಚು ಎತ್ತರದ ಪುಟ ತಗೋ, ಮೇಲಿನಿಂದ ಕೆಳಗೆ 27 ಗೆರೆ ಎಳಿ, ಹಾಗೇ 120 ಪುಟ ಮಾಡು. ಎಂಟರ್ ಒತ್ತಿ ಕಣ್ಣು ಮಿಟುಕಿಸುವಷ್ಟರಲ್ಲಿ ಪುಸ್ತಕ ಸಿದ್ಧ. 0.75 ಅನ್ನೋದು ಗೆರೆಯ ದಪ್ಪ. ಅದಕ್ಕಿಂತ ತೆಳುವಾದರೆ ಅಚ್ಚಿನಲ್ಲಿ ಗೆರೆ ಮಸುಕಾಗಬಹುದು ಅಂತ ಕೆಡಿಪಿಯೇ ಹೇಳುತ್ತೆ.

ಹೊದಿಕೆಗೆ ಸ್ವಲ್ಪ ಲೆಕ್ಕ ಬೇಕು. ಹಿಂಬದಿ, ಬೆನ್ನು, ಮುಂಬದಿ ಮೂರೂ ಸೇರಿ ಒಂದೇ ಹಾಳೆ. ಬೆನ್ನಿನ ದಪ್ಪ ಪುಟದ ಸಂಖ್ಯೆಯ ಮೇಲೆ ನಿಂತಿದೆ, ಬಿಳಿ ಕಾಗದಕ್ಕೆ ಪುಟಕ್ಕೆ 0.002252 ಇಂಚು. 120 ಪುಟಕ್ಕೆ 0.27 ಇಂಚಾಯ್ತು. ಎರಡು ಬದಿಗೆ ಆರಾರು ಇಂಚು, ಕತ್ತರಿಸುವಾಗ ಅಂಚು ಬೆಳ್ಳಗೆ ಉಳಿಯದಿರಲಿ ಅಂತ ಸುತ್ತ 0.125 ಇಂಚು ಹೆಚ್ಚಿಗೆ ಕೊಟ್ಟರೆ 12.52 ಇಂಚು ಅಗಲ, 9.25 ಇಂಚು ಎತ್ತರ. ಈ ಅಳತೆಗೆ ಒಂದು ಬೆಕ್ಕಿನ ಚಿತ್ರ, "ಮೈ ಕ್ಯಾಟ್ ಜರ್ನಲ್" ಅಂತ ಒಂದು ಸಾಲು. ಮುಗೀತು.

"ಇಷ್ಟೇನಾ?" ಅಂದಳು ಅಕ್ಕ. ದನಿಯಲ್ಲಿ ಖುಷಿ ಇತ್ತು. ನನಗೆ ಕಾಣ್ತಾ ಇದ್ದ ತೊಂದರೆ ಅದೇ. ಅವಳಿಗೆ ಇಷ್ಟೇನಾ ಅನ್ನಿಸಿದ್ದು ಲೋಕದಲ್ಲಿ ಎಲ್ಲರಿಗೂ ಅನ್ನಿಸಿರುತ್ತೆ. ಬೆಕ್ಕು ತೆಗೆದು ನಾಯಿ ಹಾಕಿದರೆ ಎರಡನೇ ಪುಸ್ತಕ, ನರ್ಸ್ ಹಾಕಿದರೆ ಮೂರನೇದು. ಒಳಪುಟ ಅದೇ ಪಿಡಿಎಫ್. ಹೀಗೆ ಏರಿಸುವವರು ಎಷ್ಟಾದರು ಅಂದರೆ 2023ರ ಸೆಪ್ಟೆಂಬರ್‌ನಲ್ಲಿ ಅಮೆಜಾನ್ ಒಬ್ಬರು ದಿನಕ್ಕೆ ಮೂರಕ್ಕಿಂತ ಹೆಚ್ಚು ಹೊಸ ಪುಸ್ತಕ ಹಾಕುವಂತಿಲ್ಲ ಅಂತ ಮಿತಿ ತಂತು. ಮಿತಿಯೇ ದಿನಕ್ಕೆ ಮೂರು ಅಂದರೆ, ಅದಕ್ಕೂ ಮುಂಚೆ ಹೇಗಿತ್ತು ಅಂತ ನೀವೇ ಊಹಿಸಿ.

ಇನ್ನೊಂದು ವಿಷಯ ಇದನ್ನ ಮತ್ತಷ್ಟು ಬಿಗಿ ಮಾಡುತ್ತೆ. ನೋಟ್‌ಬುಕ್, ಪ್ಲಾನರ್ ಹಾಕುವಾಗ 'ಲೋ ಕಂಟೆಂಟ್' ಅನ್ನೋ ಚೌಕಕ್ಕೆ ಟಿಕ್ ಹಾಕಬೇಕು. ಹಾಕಿದರೆ ಐಎಸ್‌ಬಿಎನ್ ಇಲ್ಲದೆಯೂ ಪುಸ್ತಕ ಹೊರಡುತ್ತೆ. ಆದರೆ ಐಎಸ್‌ಬಿಎನ್ ಇಲ್ಲದ ಇಂಥ ಪುಸ್ತಕಕ್ಕೆ ಒಳಪುಟ ತೋರಿಸುವ ಸೌಲಭ್ಯ ಸಿಗಲ್ಲ. ನೀವು ಎಷ್ಟೇ ಚೆಂದದ ಒಳಪುಟ ಮಾಡಿದ್ದರೂ ಗಿರಾಕಿಗೆ ಮೊದಲು ಕಾಣೋದು ಹೆಬ್ಬೆರಳ ಉಗುರಿನಷ್ಟು ಹೊದಿಕೆ, ಅದರ ಕೆಳಗೆ ಬೆಲೆ. ಅಲ್ಲಿಗೆ ಒಂದು ಪುಸ್ತಕಕ್ಕೂ ಇನ್ನೊಂದಕ್ಕೂ ಇರುವ ವ್ಯತ್ಯಾಸ ಬೆಲೆಯಲ್ಲೇ ಬಂದು ನಿಲ್ಲುತ್ತೆ.

ಆ ಬೆಲೆಯಲ್ಲಿ ನಮಗೆ ಉಳಿಯೋದು ಎಷ್ಟು? ಇಲ್ಲಿ ಅಕ್ಕ ಪೆನ್ನು ಹಿಡಿದು ಕೂತಳು. ಅಮೆರಿಕದ ಲೆಕ್ಕದಲ್ಲಿ ಆರು-ಒಂಬತ್ತರ ಕಪ್ಪು ಶಾಯಿಯ 120 ಪುಟದ ಪುಸ್ತಕಕ್ಕೆ ಅಚ್ಚಿನ ಖರ್ಚು ಒಂದು ಡಾಲರ್, ಜೊತೆಗೆ ಪುಟಕ್ಕೆ 1.2 ಸೆಂಟ್. ಒಟ್ಟು 2.44 ಡಾಲರ್. ಪುಸ್ತಕಕ್ಕೆ 6.99 ಡಾಲರ್ ಇಟ್ಟಿದ್ದೀವಿ ಅಂದ್ಕೊಳ್ಳಿ. ಮೊದಲು ಅದರ ಶೇಕಡಾ 60 ನಮ್ಮ ಪಾಲು, ಅದರಲ್ಲಿ ಅಚ್ಚಿನ ಖರ್ಚು ಕಳೆದರೆ 1.75 ಡಾಲರ್ ಕೈಗೆ ಬರ್ತಿತ್ತು. 2025ರ ಜೂನ್ 10ರಿಂದ 9.99 ಡಾಲರ್‌ಗಿಂತ ಕಡಿಮೆ ಬೆಲೆಯ ಪೇಪರ್‌ಬ್ಯಾಕ್‌ಗೆ ಪಾಲು ಶೇಕಡಾ 50ಕ್ಕೆ ಇಳೀತು. ಈಗ ಅದೇ ಪುಸ್ತಕಕ್ಕೆ 1.05 ಡಾಲರ್. ಪಕ್ಕದವನು ಒಂದು ಡಾಲರ್ ಇಳಿಸಿದ ಅಂತ ನಾವೂ 5.99 ಮಾಡಿದರೆ ಉಳಿಯೋದು 55 ಸೆಂಟ್. ಇನ್ನೊಂದು ಡಾಲರ್ ಜಗ್ಗಿದರೆ ಐದಾರು ಸೆಂಟ್ ಮಾತ್ರ.

ಇದರ ಮೇಲೆ ಜಾಹೀರಾತು. ಹೊಸ ಪುಸ್ತಕ ಹುಡುಕಾಟದಲ್ಲಿ ಇಪ್ಪತ್ತನೇ ಪುಟದಲ್ಲಿದ್ದರೆ ಯಾರೂ ನೋಡಲ್ಲ, ಅದಕ್ಕೆ ಕ್ಲಿಕ್ಕಿಗೆ ಇಷ್ಟು ಅಂತ ಕೊಟ್ಟು ಮೇಲೆ ತರಬೇಕು. ಒಂದು ಕ್ಲಿಕ್ಕಿಗೆ 40 ಸೆಂಟ್ ಅಂತಿಟ್ಟುಕೊಳ್ಳಿ, ಕ್ಲಿಕ್ ಮಾಡಿದ ಹತ್ತು ಜನರಲ್ಲಿ ಒಬ್ಬರು ಕೊಂಡರು ಅನ್ನಿ, ಅದೂ ಧಾರಾಳ ಲೆಕ್ಕವೇ. ಒಂದು ಪುಸ್ತಕ ಮಾರೋಕೆ ನಾಲ್ಕು ಡಾಲರ್ ಹೋಯ್ತು, ಬಂದದ್ದು 1.05.

ರೀಲ್‌ನಲ್ಲಿ ತೋರಿಸ್ತಾರಲ್ಲ ಆ ಗ್ರಾಫು, ಅದು ಸುಳ್ಳೇ ಆಗಿರಬೇಕಂತಿಲ್ಲ. ಕೆಡಿಪಿಯ ವರದಿಯಲ್ಲಿ ಬರೋದು ರಾಯಲ್ಟಿ ಮಾತ್ರ. ಜಾಹೀರಾತಿನ ಖರ್ಚು ಬೇರೆಯೇ ಕಡೆ, ಜಾಹೀರಾತಿನ ಕನ್ಸೋಲ್‌ನಲ್ಲಿರುತ್ತೆ. ಹತ್ತು ಸಾವಿರ ಡಾಲರ್ ರಾಯಲ್ಟಿ ಅಂತ ಸ್ಕ್ರೀನ್‌ಶಾಟ್ ಹಾಕಿದವರು ಹನ್ನೆರಡು ಸಾವಿರ ಜಾಹೀರಾತಿಗೆ ಸುರಿದಿದ್ದರೂ ಆ ಚಿತ್ರದಲ್ಲಿ ಕಾಣಲ್ಲ. ಕೋರ್ಸ್ ಮಾರುವವರನ್ನ ಕೇಳಬೇಕಾದ ಪ್ರಶ್ನೆ ಅದೊಂದೇ: ಆ ಎರಡನೇ ಪರದೆ ತೋರಿಸ್ತೀರಾ? ಅಕ್ಕ ವಾಟ್ಸ್ಯಾಪ್‌ನಲ್ಲಿ ಕೇಳಿದಳು. "ಮ್ಯಾಮ್, ಅದೆಲ್ಲ ಅಡ್ವಾನ್ಸ್ಡ್ ಮಾಡ್ಯೂಲ್‌ನಲ್ಲಿ ಬರುತ್ತೆ" ಅಂತ ಉತ್ತರ.

ಕೋರ್ಸಿನ ದೊಡ್ಡ ಆಕರ್ಷಣೆ 'ಗೆಲ್ಲುವ ನಿಶ್‌ಗಳ ಪಟ್ಟಿ'. ನಿಶ್ ಅಂದರೆ ಪೈಪೋಟಿ ಕಡಿಮೆ ಇರುವ ಸಣ್ಣ ಮೂಲೆ. ಇಂಥದ್ದು ಇದೆಯಾ ಅಂದರೆ ಇದೆ, ಹುಡುಕಬಹುದು ಕೂಡ. ಅಮೆಜಾನಿನ ಪ್ರತಿ ಪುಸ್ತಕದ ಪುಟದಲ್ಲಿ ಕೆಳಗೆ Best Sellers Rank ಅಂತ ಒಂದು ಸಂಖ್ಯೆ ಇರುತ್ತೆ. ಸಂಖ್ಯೆ ಚಿಕ್ಕದಾದಷ್ಟೂ ಮಾರಾಟ ಹೆಚ್ಚು. ಒಂದು ಪದ ಹುಡುಕಿದಾಗ ಬರುವ ಪುಸ್ತಕಗಳು ಕಡಿಮೆ, ಆದರೆ ಅವುಗಳ ರ‍್ಯಾಂಕ್ ಚೆನ್ನಾಗಿದೆ ಅಂದರೆ ಅಲ್ಲಿ ಗಿರಾಕಿ ಇದ್ದಾನೆ, ಅಂಗಡಿ ಕಡಿಮೆ. ತೊಂದರೆ ಏನಂದರೆ ಈ ಸಂಖ್ಯೆ ನಿಮಗೆ ಕಂಡ ಹಾಗೇ ಎಲ್ಲರಿಗೂ ಕಾಣುತ್ತೆ. ಇದನ್ನೇ ಗುಡ್ಡೆ ಹಾಕಿ ಮಾರುವ ಸಾಫ್ಟ್‌ವೇರ್‌ಗಳೂ ಇವೆ. ನಮ್ಮ ಪಾನಿಪೂರಿ ಗಾಡಿಯ ದಿನದ ಗಲ್ಲಾಪೆಟ್ಟಿಗೆಯನ್ನ ಗಾಜಿನಲ್ಲಿ ಮಾಡಿ ರಸ್ತೆಗೆ ಇಟ್ಟ ಹಾಗೆ. ಸಂಜೆಯೊಳಗೆ ಪಕ್ಕದಲ್ಲಿ ನಾಲ್ಕು ಗಾಡಿ ನಿಲ್ಲುತ್ತೆ, ಗಾಡಿ ಮಾಡೋಕೆ ಖರ್ಚೂ ಇಲ್ಲವಲ್ಲ! ಇನ್ನು ಒಂದೇ ಪಟ್ಟಿಯನ್ನ ಒಂದೇ ಬ್ಯಾಚಿನ ಎಲ್ಲರಿಗೂ ಹಂಚಿದರೆ, ಆ ಮೂಲೆ ಖಾಲಿ ಉಳಿಯೋದು ಹಂಚುವ ತನಕ ಮಾತ್ರ.

ಹಂಗಾದರೆ ಬೇಡ್ವೇ ಬೇಡ ಅನ್ನಬೇಕಿತ್ತು ನಾನು. ಅಷ್ಟರಲ್ಲಿ ಅಕ್ಕ ಹೇಳಿದಳು, "ಗೆರೆ ಪುಸ್ತಕ ಬಿಡು. ನನ್ನ ರಂಗೋಲಿ ಪುಸ್ತಕ ಇದೆಯಲ್ಲ." ಪಿಯುಸಿ ಕಾಲದಿಂದ ಅಮ್ಮನ ಹತ್ರ, ಅಜ್ಜಿ ಹತ್ರ, ಮದುವೆಯಾದ ಮೇಲೆ ಅತ್ತೆಯ ಹತ್ರ ಕೇಳಿ ಬರೆದಿಟ್ಟ ರಂಗೋಲಿಗಳು, ನಾಲ್ಕು ನೋಟ್‌ಬುಕ್ಕಿನ ತುಂಬ. ಅದರಲ್ಲಿ 44 ಆರಿಸಿ ಬಣ್ಣ ತುಂಬುವ ಪುಸ್ತಕ ಮಾಡೋಣ ಅಂತಾಯ್ತು. 28,000 ಚೀಟಿಯಲ್ಲೇ ಉಳೀತು.

ಕೆಲಸ ಶುರುವಾದ ಮೇಲೆ ಗೊತ್ತಾಗಿದ್ದು, ಇದು ಹನ್ನೊಂದು ಸಾಲಿನಲ್ಲಿ ಮುಗಿಯುವ ಪುಸ್ತಕ ಅಲ್ಲ. ಅಕ್ಕ ಎಲ್ಲವನ್ನೂ ಹೊಸದಾಗಿ ಎ4 ಹಾಳೆಯಲ್ಲಿ ಕಪ್ಪು ಪೆನ್ನಿನಲ್ಲಿ ಬರೆದಳು. ಸ್ಕ್ಯಾನ್ ಮಾಡಿ, ಇಂಕ್‌ಸ್ಕೇಪ್ ಅನ್ನೋ ಉಚಿತ ಸಾಫ್ಟ್‌ವೇರ್‌ನಲ್ಲಿ Trace Bitmap ಕೊಟ್ಟರೆ ಗೆರೆಗಳು ವೆಕ್ಟರ್ ಆಗುತ್ತವೆ. ಎಷ್ಟು ದೊಡ್ಡದು ಮಾಡಿದರೂ ಒಡೆಯಲ್ಲ. ಆದರೆ ಎಳೆ ರಂಗೋಲಿಯಲ್ಲಿ ಎರಡು ಎಳೆ ದಾಟುವ ಕಡೆ ಇರುವ ಸಣ್ಣ ಸಂದು ಟ್ರೇಸ್ ಮಾಡುವಾಗ ಕಪ್ಪಾಗಿ ಮುಚ್ಚಿಹೋಗುತ್ತೆ. ಆ ಸಂದುಗಳನ್ನ ಒಂದೊಂದಾಗಿ ಬಿಡಿಸಬೇಕು. ಒಂದು ರಂಗೋಲಿಗೆ ಸರಾಸರಿ ಮುಕ್ಕಾಲು ಗಂಟೆ ಹಿಡೀತು. ರಾತ್ರಿ ಮಗು ಮಲಗಿದ ಮೇಲೆ ಅವಳು ಅಲ್ಲಿ, ಆಫೀಸ್ ಕಾಲ್ ಮುಗಿಸಿ ನಾನು ಇಲ್ಲಿ, ಎರಡೂವರೆ ತಿಂಗಳು.

ಪುಟದ ಅಳತೆ ಎಂಟೂವರೆ-ಹನ್ನೊಂದು. ಕೆಡಿಪಿಯ ಕಪ್ಪು-ಬಿಳುಪು ಪುಸ್ತಕದ ಕಾಗದ ತೆಳು, ಸ್ಕೆಚ್ ಪೆನ್ ಹಿಂದಕ್ಕೆ ಇಳಿಯುತ್ತೆ. ಅದಕ್ಕೇ ಚಿತ್ರ ಬಲಪುಟದಲ್ಲಿ ಮಾತ್ರ, ಅದರ ಬೆನ್ನು ಖಾಲಿ. 44 ಚಿತ್ರಕ್ಕೆ 88 ಪುಟ, ಮುಂದಿನ ನಾಲ್ಕು ಸೇರಿ 92. ಈ ದೊಡ್ಡ ಅಳತೆಗೆ 24 ಪುಟವಾದರೂ 108 ಪುಟವಾದರೂ ಅಚ್ಚಿನ ಖರ್ಚು ಒಂದೇ, 2.84 ಡಾಲರ್. ಹೀಗಾಗಿ ಪುಟ ಖಾಲಿ ಬಿಟ್ಟಿದ್ದಕ್ಕೆ ನಮಗೆ ನಷ್ಟ ಇಲ್ಲ. ಬಣ್ಣದ ಪುಸ್ತಕಗಳು ಬಹಳಷ್ಟು ನೂರು ಪುಟದ ಆಸುಪಾಸಿನಲ್ಲೇ ಯಾಕಿರ್ತವೆ ಅಂತ ನನಗೆ ಆವಾಗ ಅರ್ಥ ಆಯ್ತು.

ಪ್ರೂಫ್ ಪ್ರತಿ ಡಲ್ಲಾಸ್‌ನಲ್ಲಿರುವ ಕಾಲೇಜು ಗೆಳೆಯನ ವಿಳಾಸಕ್ಕೆ ತರಿಸಿದೆವು. ಹೊದಿಕೆಗೆ ಅಡ್ಡಲಾಗಿ 'ನಾಟ್ ಫಾರ್ ರೀಸೇಲ್' ಅಂತ ಬೂದು ಪಟ್ಟಿ, ಅದು ಎಲ್ಲರ ಪ್ರೂಫಿಗೂ ಇರುತ್ತೆ. ಅವನು ವಿಡಿಯೋದಲ್ಲಿ ಪುಟ ತಿರುವುತ್ತಾ ಹೋದ. ಅಕ್ಕ ತಕ್ಷಣ ಹಿಡಿದಳು: "ರಂಗೋಲಿ ಒಂದು ಕಡೆ ಸರಿದಂಗಿದೆ ಕಣೋ." ಅಳತೆಯಲ್ಲಿ ಅದು ಪುಟದ ಸರಿಯಾದ ಮಧ್ಯದಲ್ಲೇ ಇತ್ತು. ಆದರೆ ಅಂಟಿಸಿ ಕಟ್ಟಿದ ಪುಸ್ತಕ ಪೂರ್ತಿ ಚಪ್ಪಟೆ ಬಿಚ್ಚಿಕೊಳ್ಳಲ್ಲ, ಕಟ್ಟಿನ ಕಡೆಯ ಅರ್ಧ ಇಂಚು ಕಣ್ಣಿಗೆ ಮರೆಯಾಗುತ್ತೆ. 24ರಿಂದ 150 ಪುಟದ ಪುಸ್ತಕಕ್ಕೆ ಕಟ್ಟಿನ ಕಡೆ ಕನಿಷ್ಠ 0.375 ಇಂಚು ಬಿಡಿ ಅಂತ ನಿಯಮ. ಗಿಡ, ಪ್ರಾಣಿ ಚಿತ್ರವಾದರೆ ಅಷ್ಟು ಸಾಕು. ನಾಲ್ಕೂ ಕಡೆ ಒಂದೇ ಸಮ ಇರುವ ರಂಗೋಲಿಗೆ ಸಾಲದು. ಎಲ್ಲ 44ನ್ನೂ ಬಲಕ್ಕೆ ಕಾಲಿಂಚು ಸರಿಸಿ, ಕಟ್ಟಿನ ಕಡೆ ಒಂದಿಂಚು ಬಿಟ್ಟೆವು. ಈಗ ಅಳತೆಪಟ್ಟಿ ಇಟ್ಟರೆ ವಾರೆ, ಬಿಚ್ಚಿ ನೋಡಿದರೆ ಮಧ್ಯ.

ಬೆಲೆಯ ವಿಷಯದಲ್ಲಿ ನಮ್ಮಿಬ್ಬರಿಗೂ ಜಗಳ ಆಯ್ತು. ಬಣ್ಣದ ಪುಸ್ತಕಗಳು ಏಳೆಂಟು ಡಾಲರ್‌ಗೆ ಸಿಗುವಾಗ ನಮ್ಮದಕ್ಕೆ ಯಾಕೆ ಹೆಚ್ಚು ಅಂತ ಅವಳು. ನಾನು ಹಾಳೆಯ ಮೇಲೆ ಲೆಕ್ಕ ಬರೆದು ತೋರಿಸಿದೆ. 7.99 ಇಟ್ಟರೆ ಉಳಿಯೋದು 1.15. 9.98 ಇಟ್ಟರೆ 2.15. ಒಂದೇ ಸೆಂಟ್ ಹೆಚ್ಚಿಸಿ 9.99 ಮಾಡಿದರೆ ಪಾಲು ಶೇಕಡಾ 60ಕ್ಕೆ ಹಾರಿ 3.15. ಅಂದರೆ 7.99ರಲ್ಲಿ ನೂರು ಮಾರಿ ಬರುವಷ್ಟು ದುಡ್ಡು 9.99ರಲ್ಲಿ 37 ಮಾರಿದರೆ ಬರುತ್ತೆ. ಅಷ್ಟು ಕೊಡೋಕೆ ಅವರಿಗೊಂದು ಕಾರಣ ಬೇಕಲ್ಲ ಅಂದಳು. ಪ್ರತಿ ಚಿತ್ರದ ಕೆಳಗೆ ಚುಕ್ಕಿಯ ಲೆಕ್ಕ ಹಾಕೋಣ ಅಂತ ಅವಳೇ ಸೂಚಿಸಿದಳು, '15 ಚುಕ್ಕಿ, 8ರ ತನಕ, ಸಂದು ಚುಕ್ಕಿ' ಅಂತ ಇಂಗ್ಲಿಷಿನಲ್ಲಿ. ಬಣ್ಣ ತುಂಬಿದ ಮೇಲೆ ಅದನ್ನ ಬಾಗಿಲ ಮುಂದೆ ಹಾಕಲೂಬಹುದು. ಆ ಒಂದು ಸಾಲು, ಬೇರೆಯವರ ಪುಸ್ತಕದಲ್ಲಿ ನನಗೆ ಕಾಣಲಿಲ್ಲ.

ಹುಡುಕಾಟದ ಪದಗಳಿಗೆ ಏಳು ಡಬ್ಬಗಳಿರ್ತವೆ. 'ಮಂಡಲ' ಅನ್ನೋ ಪದವನ್ನ ಶೀರ್ಷಿಕೆಯಲ್ಲಿ ಹಾಕಲಿಲ್ಲ. ಆ ಪದ ಹುಡುಕಿದರೆ ಬರುವ ಸಾಲಿಗೆ ಕೊನೆಯೇ ಇಲ್ಲ. 'ರಂಗೋಲಿ' ಅಂತ ಟೈಪ್ ಮಾಡುವವರು ಅಮೆರಿಕದಲ್ಲಿ ಹೆಚ್ಚಾಗಿ ನಮ್ಮವರೇ, ಅದೂ ದೀಪಾವಳಿ ಹತ್ತಿರ ಬಂದಾಗ. ಪೈಪೋಟಿ ಕಡಿಮೆ, ಗಿರಾಕಿಯೂ ಕಡಿಮೆ. ಕಳೆದ ಆಗಸ್ಟ್‌ನಲ್ಲಿ ಪುಸ್ತಕ ಹೊರಬಂತು. ಜಾಹೀರಾತು ಕೊಡಲಿಲ್ಲ, ಡಲ್ಲಾಸ್ ಗೆಳೆಯನ ಹೆಂಡತಿ ಅಲ್ಲಿನ ಕನ್ನಡಿಗರ ಎರಡು ವಾಟ್ಸ್ಯಾಪ್ ಗುಂಪಿಗೆ ಲಿಂಕ್ ಹಾಕಿದರು.

ಡಿಸೆಂಬರ್ ಕೊನೆಗೆ 41 ಪ್ರತಿ. ಅದರಲ್ಲಿ 33 ದೀಪಾವಳಿಗೆ ಮುಂಚಿನ ಒಂದು ತಿಂಗಳಲ್ಲೇ. 129 ಡಾಲರ್ ರಾಯಲ್ಟಿ. ಭಾರತ-ಅಮೆರಿಕ ತೆರಿಗೆ ಒಪ್ಪಂದದ ಪ್ರಕಾರ ಶೇಕಡಾ 15 ಅಲ್ಲೇ ಹಿಡಿದರು, ಪ್ಯಾನ್ ನಂಬರ್ ಕೊಟ್ಟು ಆ ಫಾರಂ ತುಂಬದಿದ್ದರೆ ಶೇಕಡಾ 30 ಹೋಗ್ತಿತ್ತು. ಉಳಿದದ್ದು ಸುಮಾರು 110 ಡಾಲರ್. ಅದೂ ತಿಂಗಳು ಮುಗಿದು ಅರವತ್ತು ದಿನದ ಆಸುಪಾಸಿಗೆ ಬ್ಯಾಂಕಿಗೆ ಬರೋದು. ಇಬ್ಬರ ಎರಡೂವರೆ ತಿಂಗಳ ರಾತ್ರಿಗಳಿಗೆ ಭಾಗಿಸಿದರೆ ಗಂಟೆಗೆ ಎಷ್ಟು ಬಿತ್ತು ಅಂತ ನಾನು ಲೆಕ್ಕ ಹಾಕಿದ್ದೆ, ಅಕ್ಕನಿಗೆ ಹೇಳಿಲ್ಲ.

ನವೆಂಬರ್‌ನಲ್ಲೇ ನಮ್ಮ ಹೊದಿಕೆಯ ಬಣ್ಣ, ಅಕ್ಷರದ ಜಾಗ ಎಲ್ಲ ಹೋಲುವ ಎರಡು ರಂಗೋಲಿ ಪುಸ್ತಕ ಬಂದಿದ್ದವು, 6.99 ಡಾಲರ್‌ಗೆ. ಬಣ್ಣದ ಪುಸ್ತಕಕ್ಕೆ ಒಳಪುಟದ ಮಾದರಿ ಕಾಣುತ್ತಲ್ಲ, ಅಕ್ಕ ಅವುಗಳನ್ನ ದೊಡ್ಡದು ಮಾಡಿ ನೋಡಿದಳು. "ಈ ಚುಕ್ಕಿಗೆ ಈ ರಂಗೋಲಿ ಬರೋದೇ ಇಲ್ಲ ಕಣೋ, ಎಳೆ ಸೇರಿಕೊಳ್ಳಲ್ಲ. ಸುಮ್ನೆ ಗೀಚಿದಾರೆ" ಅಂದಳು. ಬಣ್ಣ ತುಂಬುವವರಿಗೆ ಅದು ಗೊತ್ತಾಗುತ್ತಾ ಅಂದರೆ, ಗೊತ್ತಾಗಲ್ಲ. ಬಣ್ಣ ಎಲ್ಲಿ ಬೇಕಾದರೂ ತುಂಬಬಹುದು. ನೆಲದ ಮೇಲೆ ಹಾಕೋಕೆ ಹೊರಟವರಿಗೆ ಮಾತ್ರ ಮೂರನೇ ಎಳೆಗೇ ಗೊತ್ತಾಗುತ್ತೆ.

ಅದಕ್ಕೇ ಎರಡನೇ ಪುಸ್ತಕ ಬಣ್ಣದ್ದಲ್ಲ. ಎಡಪುಟದಲ್ಲಿ ಚುಕ್ಕಿಗಳ ಮೇಲೆ ಎಳೆ ಯಾವ ಕ್ರಮದಲ್ಲಿ ಹೋಗುತ್ತೆ ಅಂತ ನಾಲ್ಕು ಹಂತದ ಚಿತ್ರ, ಬಲಪುಟದಲ್ಲಿ ಬರೀ ಚುಕ್ಕಿ, ನೀವೇ ಎಳೆಯಬೇಕು. ಪೆನ್ಸಿಲ್ ಕೆಲಸ, ಹಿಂದಕ್ಕೆ ಇಳಿಯಲ್ಲ, ಎರಡೂ ಬದಿ ಬಳಸಬಹುದು. ಚುಕ್ಕಿ ಹಾಕೋಕೆ ನಾನು ಕೋಡ್ ಬರೆದುಕೊಟ್ಟಿದ್ದೀನಿ, ಗೆರೆ ಪುಸ್ತಕದ್ದಕ್ಕಿಂತ ನಾಲ್ಕು ಸಾಲು ಹೆಚ್ಚು. ಎಳೆಗಳು ಮಾತ್ರ ಅಕ್ಕನ ಕೈಯವು. ಅಂದಹಾಗೆ ಇದರ ನೂರು ಪ್ರತಿಯನ್ನ ಊರಲ್ಲೇ ಪ್ರೆಸ್‌ನಲ್ಲಿ, ಸ್ವಲ್ಪ ದಪ್ಪ ಕಾಗದದಲ್ಲಿ ಸ್ಪೈರಲ್ ಹಾಕಿಸುವ ಯೋಚನೆಯೂ ಇದೆ. ಪ್ರತಿಗೆ 110 ರೂಪಾಯಿ ಹೇಳಿದ್ದಾರೆ. 200ಕ್ಕೆ ಮಾರಿದರೆ ಉಳಿಯೋದು ರೂಪಾಯಿಯಲ್ಲಿ ಅಮೆಜಾನಿನ 7.99ರ ಪುಸ್ತಕದಷ್ಟೇ ಹೆಚ್ಚುಕಡಿಮೆ. ಆದರೆ ನೂರು ಪ್ರತಿಗೆ ಹನ್ನೊಂದು ಸಾವಿರ ಮೊದಲೇ ಕಟ್ಟಬೇಕು, ಮಾರದಿದ್ದರೆ ಅಟ್ಟಕ್ಕೆ ಹೋಗುತ್ತೆ. ಚೀಟಿ ದುಡ್ಡಿನಲ್ಲಿ ಅಷ್ಟು ತೆಗೆಯೋದಾ ಬೇಡ್ವಾ ಅಂತ ಅಕ್ಕ, ಭಾವ ಇನ್ನೂ ಮಾತಾಡ್ತಾ ಇದ್ದಾರೆ.